ಒಂದು ಮೈಕ್ರೋವೋಲ್ಟ್‌ಗೆ ಮೂರು ಗ್ರಾಂ

ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆ ಎತ್ತಿದರೆ ಕೆಳಗೆ ಒಂದು ಅಲ್ಯೂಮಿನಿಯಂ ತುಂಡು ಕಾಣುತ್ತದೆ. ಅದರ ಹೆಸರು ಲೋಡ್ ಸೆಲ್. ಗೋಧಿಯ ಚೀಲ ಇಟ್ಟಾಗ ಈ ತುಂಡು ಬಾಗುತ್ತದೆ, ಆದರೆ ಕಣ್ಣಿಗೆ ಕಾಣುವಷ್ಟು ಅಲ್ಲ. ಅದರ ಮೈಗೆ ಅಂಟಿಸಿರುವ ನಾಲ್ಕು ಸ್ಟ್ರೇನ್ ಗೇಜ್‌ಗಳಿಗೆ ಮಾತ್ರ ಆ ಬಾಗು ತಿಳಿಯುತ್ತದೆ. ಗೇಜ್ ಎಂದರೆ ತೆಳು ಹಾಳೆಯ ಮೇಲೆ ಹಾವಿನಂತೆ ಸುತ್ತಿ ಬಂದ ಲೋಹದ ಗೆರೆ. ಎಳೆದರೆ ಅದರ ರೋಧ ಸ್ವಲ್ಪ ಹೆಚ್ಚುತ್ತದೆ, ಒತ್ತಿದರೆ ಸ್ವಲ್ಪ ಇಳಿಯುತ್ತದೆ.

ಈ ‘ಸ್ವಲ್ಪ’ ಎಷ್ಟು? 30 ಕಿಲೋ ತೂಗುವ ತಕ್ಕಡಿಯೊಂದನ್ನು ತೆಗೆದುಕೊಳ್ಳೋಣ. ಪೂರ್ತಿ ಭಾರದಲ್ಲಿ ಗೇಜ್ ಇರುವ ಜಾಗದ ಲೋಹ ಮೀಟರಿಗೆ 1 ಮಿಲಿಮೀಟರಿನ ಲೆಕ್ಕದಲ್ಲಿ ಹಿಗ್ಗುತ್ತದೆ ಎನ್ನೋಣ. ಸಾಮಾನ್ಯ ಲೋಹದ ಗೇಜ್‌ನಲ್ಲಿ ರೋಧ ಬದಲಾಗುವ ಪ್ರಮಾಣ ಹಿಗ್ಗಿನ ಸುಮಾರು ಎರಡರಷ್ಟು. ಹಾಗಾಗಿ 350 ಓಮ್‌ನ ಗೇಜ್ 350.7 ಓಮ್ ಆಗುತ್ತದೆ. ಮೀಟರ್ ಹಿಡಿದು ಈ 0.7 ಓಮನ್ನು ನೇರವಾಗಿ ಅಳೆಯಲು ಹೊರಟರೆ, ನಮಗೆ ಬೇಡದ 350 ಓಮ್ ಸದಾ ಅಡ್ಡ ನಿಂತಿರುತ್ತದೆ.

ಆ 350ನ್ನು ಕಳೆದು, ಬದಲಾದದ್ದನ್ನು ಮಾತ್ರ ಉಳಿಸುವುದೇ ಬ್ರಿಡ್ಜ್‌ನ ಕೆಲಸ. ನಾಲ್ಕು ಗೇಜ್‌ಗಳನ್ನು ಎರಡೆರಡಾಗಿ ಎರಡು ಸಾಲು ಮಾಡಿ, ಎರಡೂ ಸಾಲಿಗೆ 5 ವೋಲ್ಟ್ ಕೊಡುತ್ತಾರೆ. ಭಾರವಿಲ್ಲದಾಗ ಎರಡು ಸಾಲಿನ ನಡುಬಿಂದುಗಳಲ್ಲೂ 2.5 ವೋಲ್ಟ್ ಇರುತ್ತದೆ, ವ್ಯತ್ಯಾಸ ಸೊನ್ನೆ. 30 ಕಿಲೋ ಇಟ್ಟಾಗ ಒಂದು ಸಾಲಿನಲ್ಲಿ ಮೇಲಿನ ಗೇಜ್ 349.3 ಓಮ್, ಕೆಳಗಿನದು 350.7 ಓಮ್ ಆಗುತ್ತದೆ. ಅದರ ನಡುಬಿಂದು 2.505 ವೋಲ್ಟ್‌ಗೆ ಏರುತ್ತದೆ. ಪಕ್ಕದ ಸಾಲಿನಲ್ಲಿ ಇದು ತಿರುವುಮುರುವು, ಅಲ್ಲಿನ ನಡುಬಿಂದು 2.495ಕ್ಕೆ ಇಳಿಯುತ್ತದೆ. ಎರಡರ ನಡುವೆ ಸಿಗುವುದು 10 ಮಿಲಿವೋಲ್ಟ್. ನಾಲ್ಕರ ಬದಲು ಒಂದೇ ಗೇಜ್ ಕೆಲಸ ಮಾಡಿದ್ದರೆ ಇದರ ಕಾಲು ಭಾಗ, ಸುಮಾರು 2.5 ಮಿಲಿವೋಲ್ಟ್ ಮಾತ್ರ ಸಿಗುತ್ತಿತ್ತು.

30 ಕಿಲೋಗೆ 10 ಮಿಲಿವೋಲ್ಟ್ ಎಂದರೆ ಒಂದು ಮೈಕ್ರೋವೋಲ್ಟ್‌ಗೆ 3 ಗ್ರಾಂ. ಈ ತಕ್ಕಡಿಯ ಒಳಗಿನ ಪ್ರತಿಯೊಂದು ಲೆಕ್ಕವನ್ನೂ ನಾನು ಈ ಅಳತೆಗೋಲಿನಿಂದಲೇ ನೋಡುತ್ತೇನೆ.

ಇನ್ನು ಗೇನ್, ಅಂದರೆ ಎಷ್ಟು ಪಟ್ಟು ದೊಡ್ಡದು ಮಾಡಬೇಕು ಎನ್ನುವ ಪ್ರಶ್ನೆ. 5 ವೋಲ್ಟ್‌ವರೆಗೆ ಓದಬಲ್ಲ ಸರ್ಕಿಟ್‌ಗೆ 10 ಮಿಲಿವೋಲ್ಟ್ ತಲುಪಿಸಲು 500 ಪಟ್ಟು ಸರಿಹೋಗುತ್ತದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ತಟ್ಟೆಗೂ ತೂಕವಿದೆ. ಅದು 3 ಕಿಲೋ ಇದ್ದರೆ ಗಿರಾಕಿಯ ಸಾಮಾನು ಬರುವ ಮೊದಲೇ 1 ಮಿಲಿವೋಲ್ಟ್ ಹೋಯಿತು. ಗೇಜ್‌ಗಳೂ ಒಂದರಂತೆ ಒಂದು ಇರುವುದಿಲ್ಲ. ನಾಲ್ಕರಲ್ಲಿ ಒಂದು 1 ಓಮ್ ಹೆಚ್ಚಿದ್ದರೂ, ಖಾಲಿ ಬ್ರಿಡ್ಜ್ 3.5 ಮಿಲಿವೋಲ್ಟ್‌ಗಿಂತ ಹೆಚ್ಚು ತೋರಿಸುತ್ತದೆ, ಅದು 10 ಕಿಲೋಗಿಂತ ಹೆಚ್ಚಿನ ಸುಳ್ಳು ತೂಕ. ಗೇನ್ ಈ ಸುಳ್ಳನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. 500 ಪಟ್ಟು ಇಟ್ಟರೆ ಆಂಪ್ಲಿಫೈಯರ್ 5 ವೋಲ್ಟ್‌ಗೆ ಬಂದು ನಿಂತುಬಿಡುತ್ತದೆ. ಆಮೇಲೆ ಎಷ್ಟು ಭಾರ ಹೇರಿದರೂ ಅಂಕಿ ಕದಲುವುದಿಲ್ಲ. ಕಾರ್ಖಾನೆಯಲ್ಲಿ ಬ್ರಿಡ್ಜನ್ನು ಸರಿದೂಗಿಸಿ ಕಳಿಸಿದ ಲೋಡ್ ಸೆಲ್ ಇದ್ದರೂ 300ರಿಂದ 400ರೊಳಗೆ ನಿಲ್ಲುವುದು ಜಾಣತನ.

ಗೇನ್ ಹೆಚ್ಚಿಸಿದರೆ ಸಣ್ಣ ತೂಕವೂ ಕಾಣುತ್ತದೆ ಎಂಬುದು ಅರ್ಧ ನಿಜ. ವಿದ್ಯಾರ್ಥಿಗಳು ಬಳಸುವ ಆರ್ಡುವಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ. 400 ಪಟ್ಟು ಹಿಗ್ಗಿಸಿದ ಸಂಕೇತದಲ್ಲಿ ಒಂದು ಮೆಟ್ಟಿಲೆಂದರೆ ಸುಮಾರು 37 ಗ್ರಾಂ. 5 ಗ್ರಾಂ ತೋರಿಸಬೇಕಾದ ತಕ್ಕಡಿಗೆ ಇದು ಸಾಲದು. ಗೇನನ್ನು 3000 ಮಾಡಿದರೆ ಮೆಟ್ಟಿಲು 5 ಗ್ರಾಂಗೆ ಇಳಿಯುತ್ತದೆ, ಆದರೆ 5 ಕಿಲೋ ದಾಟುವಷ್ಟರಲ್ಲಿ ಆಂಪ್ಲಿಫೈಯರ್ ತುದಿ ಮುಟ್ಟುತ್ತದೆ. ಆದ್ದರಿಂದಲೇ ಎಚ್‌ಎಕ್ಸ್‌711ನಂಥ ಚಿಪ್‌ಗಳು ಗೇನನ್ನು 128ಕ್ಕೇ ನಿಲ್ಲಿಸಿ, ಮೆಟ್ಟಿಲುಗಳನ್ನು 24 ಬಿಟ್‌ಗೆ ಹೆಚ್ಚಿಸಿಕೊಂಡಿವೆ. ಅವುಗಳಲ್ಲಿ ಕೊನೆಯ ಕೆಲವು ಬಿಟ್‌ಗಳು ಗದ್ದಲದಲ್ಲಿ ಮುಳುಗಿಹೋಗುತ್ತವೆ. ಉಳಿದವು 5 ಗ್ರಾಂಗೆ ಧಾರಾಳ.

ಅಲ್ಲಿಂದ ಮುಂದೆ ತೊಂದರೆ ಕೊಡುವುದು ಬಿಸಿ. ಆಂಪ್ಲಿಫೈಯರ್‌ನ ಸೊನ್ನೆ ಡಿಗ್ರಿಗೆ ಒಂದು ಮೈಕ್ರೋವೋಲ್ಟ್ ಸರಿದರೆ, ಬೆಳಗಿನಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರುವಷ್ಟರಲ್ಲಿ ಖಾಲಿ ತಟ್ಟೆ 30 ಗ್ರಾಂ ತೋರಿಸುತ್ತದೆ. ಟೇರ್ ಗುಂಡಿ ಒತ್ತಿದರೆ ಅದು ಹೋಗುತ್ತದೆ. ಬ್ರಿಡ್ಜ್‌ಗೆ ಕೊಡುವ 5 ವೋಲ್ಟ್ 4.9ಕ್ಕೆ ಕುಸಿದರೆ ಆಗುವ ತಪ್ಪು ಬೇರೆ ಬಗೆಯದು: 30 ಕಿಲೋ 29.4 ಆಗಿಬಿಡುತ್ತದೆ, ಟೇರ್ ಒತ್ತಿದರೂ ಸರಿಹೋಗದು. ಓದುವ ಚಿಪ್ಪೂ ಅದೇ 5 ವೋಲ್ಟನ್ನು ತನ್ನ ಅಳತೆಗೆ ಆಧಾರವಾಗಿ ಇಟ್ಟುಕೊಂಡರೆ ಎರಡೂ ಒಟ್ಟಿಗೆ ಇಳಿದು ತಪ್ಪು ಅಳಿಸಿಹೋಗುತ್ತದೆ.

ತೂಕ ತಪ್ಪಿದಾಗ ದೋಷ ಎಲ್ಲಿದೆ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಬ್ರಿಡ್ಜ್‌ಗೆ 5 ವೋಲ್ಟ್ ಬರುತ್ತಿದೆಯೇ ಎಂದು ಮೊದಲು ನೋಡಿ. ನಂತರ ಸಂಕೇತದ ಎರಡು ತಂತಿಗಳ ನಡುವೆ ಮಿಲಿವೋಲ್ಟ್ ಅಳೆದು, ತಟ್ಟೆಯ ಮೇಲೆ 10 ಕಿಲೋ ಬಟ್ಟು ಇಡಿ. ಓದು 3.3 ಮಿಲಿವೋಲ್ಟ್‌ನಷ್ಟು ಏರಿದರೆ ಲೋಡ್ ಸೆಲ್ ಸರಿಯಿದೆ, ದೋಷ ಆಂಪ್ಲಿಫೈಯರ್ ಅಥವಾ ಅದರಾಚೆ ಇದೆ. ಏರದೇ ಹೋದರೆ ತಂತಿ ಕಡಿದಿದೆ, ಇಲ್ಲವೇ ಗೇಜ್ ಅಂಟು ಬಿಟ್ಟಿದೆ. ಏರಿಕೆ ಸರಿಯಿದ್ದು, ಖಾಲಿ ತಟ್ಟೆಯ ಓದು ಮಾತ್ರ ಹಿಂದಿಗಿಂತ ಹಲವು ಮಿಲಿವೋಲ್ಟ್ ಬೇರೆಯಾಗಿದ್ದರೆ, ತಕ್ಕಡಿಯ ಮೇಲೆ ಎಂದೋ ಮಿತಿ ಮೀರಿದ ಭಾರ ಬಿದ್ದು ಆ ಅಲ್ಯೂಮಿನಿಯಂ ತುಂಡು ಶಾಶ್ವತವಾಗಿ ಬಾಗಿರುವ ಸಾಧ್ಯತೆ ಹೆಚ್ಚು.