ಅವಿಭಕ್ತ ಕುಟುಂಬವೆಂಬ ಪ್ರತ್ಯೇಕ ಕರದಾತ: ಯಾವ ಆಸ್ತಿ ಅದರದು?

ನಮ್ಮ ಹುಮನಾಬಾದ್ ಮತ್ತು ಬಸವಕಲ್ಯಾಣದ ವರ್ತಕ ಬಂಧುಗಳಲ್ಲಿ ಅನೇಕರು ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪ್ಯಾನ್ ಪಡೆದಿದ್ದಾರೆ. ಪ್ಯಾನ್ ಪಡೆದರೆ ತೆರಿಗೆ ಉಳಿಯುತ್ತದೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಆದಾಯವು ಯಾರದೆಂಬುದನ್ನು ನಿರ್ಧರಿಸುವುದು ಪ್ಯಾನ್ ಅಲ್ಲ, ಆ ಆದಾಯವನ್ನು ತರುವ ಆಸ್ತಿಯ ಮೂಲ.

1961ರ ಆದಾಯ ತೆರಿಗೆ ಕಾಯ್ದೆಯಂತೆ ಅವಿಭಕ್ತ ಕುಟುಂಬವು ಪ್ರತ್ಯೇಕ ‘ವ್ಯಕ್ತಿ’. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಈ ಸ್ಥಾನ ಹಾಗೆಯೇ ಉಳಿದಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ, ಲಿಂಗಾಯತ ಹಾಗೂ ಜೈನ ಕುಟುಂಬಗಳಿಗೂ ಅನ್ವಯಿಸುವುದರಿಂದ ಅವರೂ ಈ ವ್ಯವಸ್ಥೆಗೆ ಒಳಪಡುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಹುಮನಾಬಾದಿನ ಒಬ್ಬ ತೊಗರಿ ವ್ಯಾಪಾರಿಗೆ ಪೇಟೆಯಲ್ಲಿ ಎರಡು ಮಳಿಗೆಗಳಿವೆ. ಅವು ಹೈದರಾಬಾದ್ ರಾಜ್ಯದ ಕಾಲದಲ್ಲಿ, 1951ರಲ್ಲಿ ತೀರಿಕೊಂಡ ಅಜ್ಜನಿಂದ ಬಂದವು. 1998ರಲ್ಲಿ ನೋಂದಾಯಿತ ವಿಭಾಗಪತ್ರದ ಮೂಲಕ ಇವರ ಪಾಲಿಗೆ ಸಂದವು. ಹೀಗೆ ಪಿತ್ರಾರ್ಜಿತ ಆಸ್ತಿಯ ವಿಭಾಗದಲ್ಲಿ ಬಂದ ಪಾಲು ಅವರ, ಪತ್ನಿಯ ಮತ್ತು ಮಕ್ಕಳ ಅವಿಭಕ್ತ ಕುಟುಂಬದ್ದಾಗಿರುತ್ತದೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಮಳಿಗೆಯು 1956ರ ಜೂನ್ 17ರ ನಂತರ, ಉಯಿಲು ಇಲ್ಲದೆ, ಅವರ ಮರಣದಿಂದ ಇವರಿಗೆ ಬಂದಿದ್ದರೆ ಫಲಿತಾಂಶ ಬೇರೆ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ಆಸ್ತಿ ಮಗನ ವೈಯಕ್ತಿಕ ಆಸ್ತಿಯೆಂದು ತೀರ್ಪಿತ್ತಿದೆ.

ಈಗ ಲೆಕ್ಕ. ವಾರ್ಷಿಕ ಬಾಡಿಗೆ 7,20,000 ರೂ., ಪುರಸಭೆಗೆ ಕಟ್ಟಿದ ತೆರಿಗೆ 20,000 ರೂ. ಉಳಿದ 7,00,000 ರೂ.ಗಳಲ್ಲಿ ಶೇ. 30ರ ಕಡಿತ ಕಳೆದರೆ ಕುಟುಂಬದ ಆದಾಯ 4,90,000 ರೂ. 2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ 4,00,000 ರೂ.ವರೆಗೆ ತೆರಿಗೆಯಿಲ್ಲ, ಉಳಿದ 90,000 ರೂ.ಗೆ ಶೇ. 5ರಂತೆ 4,500 ರೂ., ಸೆಸ್ ಸೇರಿ 4,680 ರೂ. ವ್ಯಾಪಾರಿಯ ಸ್ವಂತ ಆದಾಯ 14,00,000 ರೂ. ಇದ್ದು, ಬಾಡಿಗೆಯನ್ನೂ ಅವರೇ ತೋರಿಸಿದ್ದರೆ ಹೆಚ್ಚುವರಿ ತೆರಿಗೆ ಸೆಸ್ ಸೇರಿ 91,520 ರೂ. ಆಗುತ್ತಿತ್ತು.

ಆದರೆ ಇದೇ ವ್ಯಾಪಾರಿಯ ಸ್ವಂತ ಆದಾಯ 6,00,000 ರೂ. ಮಾತ್ರ ಇದ್ದರೆ? ಹೊಸ ಪದ್ಧತಿಯಲ್ಲಿ 12,00,000 ರೂ.ವರೆಗಿನ ಆದಾಯವನ್ನು ತೆರಿಗೆಮುಕ್ತಗೊಳಿಸುವ 87ಎ ಕಲಮಿನ ರಿಯಾಯಿತಿ ನಿವಾಸಿ ವ್ಯಕ್ತಿಗೆ ಮಾತ್ರ ಇದೆ, ಕುಟುಂಬಕ್ಕಿಲ್ಲ. ಆದ್ದರಿಂದ ಸಣ್ಣ ವರ್ತಕರಿಗೆ ಕುಟುಂಬದ ಪ್ರತ್ಯೇಕ ರಿಟರ್ನ್ ಹೊರೆಯೇ ಆಗಬಹುದು. ಆದರೂ ಆಸ್ತಿ ಕುಟುಂಬದ್ದಾಗಿದ್ದರೆ ಅದರ ಆದಾಯವನ್ನು ಅನುಕೂಲಕ್ಕೆ ತಕ್ಕಂತೆ ಕರ್ತನ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಹಳೆಯ ಪದ್ಧತಿಯಲ್ಲಿ ಕುಟುಂಬಕ್ಕೆ 2,50,000 ರೂ.ವರೆಗೆ ತೆರಿಗೆಯಿಲ್ಲ; ಸದಸ್ಯರ ಜೀವವಿಮೆ ಮುಂತಾದವುಗಳಿಗೆ 80ಸಿ ಕಲಮಿನಡಿ 1,50,000 ರೂ. ಕಡಿತವೂ ಉಂಟು. ನಮ್ಮ ಉದಾಹರಣೆಯಲ್ಲಿ ಪೂರ್ಣ 1,50,000 ರೂ. ತೊಡಗಿಸಿದರೂ ಶೇ. 5ರ ತೆರಿಗೆ ಬೀಳುವ ಮೊತ್ತ ಮತ್ತೆ ಅದೇ 90,000 ರೂ. ಅಂದರೆ ಕೇವಲ ತೆರಿಗೆಗಾಗಿ ಇಷ್ಟು ಹಣವನ್ನು ಕಟ್ಟಿಹಾಕುವುದು ವ್ಯರ್ಥ.

ಇದೇ ವ್ಯಾಪಾರಿ 2012ರಲ್ಲಿ ಸ್ವಂತ ಲಾಭದಿಂದ ಹೆದ್ದಾರಿಯ ಬದಿಯಲ್ಲಿ ಗೋದಾಮು ಕೊಂಡರೆನ್ನಿ. ಅದನ್ನು ಘೋಷಣೆಯ ಮೂಲಕ ಕುಟುಂಬದ ಆಸ್ತಿಯನ್ನಾಗಿಸಬಹುದು. ಆದರೆ 64(2)ನೇ ಕಲಮಿನಂತೆ ಅದರ ಬಾಡಿಗೆಯು ಅವರ ವೈಯಕ್ತಿಕ ಆದಾಯಕ್ಕೇ ಸೇರುತ್ತದೆ. ತೆರಿಗೆ ಉಳಿಯುವುದಿಲ್ಲ, ಗೋದಾಮಿನ ಮೇಲೆ ಮಾತ್ರ ಮಕ್ಕಳ ಹಕ್ಕು ಹುಟ್ಟುತ್ತದೆ.

ಗಂಡುಮಕ್ಕಳಿಲ್ಲದಿದ್ದರೆ ಕುಟುಂಬವೇ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೈಸೂರು ರಾಜ್ಯದಿಂದ ಹೋದ ಗೌಳಿ ಬುದ್ದಣ್ಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲೇ ಇದಕ್ಕೆ ಉತ್ತರಿಸಿದೆ. ಅಲ್ಲಿ ತಂದೆ 1952ರಲ್ಲಿ ತೀರಿಕೊಂಡ ಮೇಲೆ ಉಳಿದವರು ಒಬ್ಬ ದತ್ತುಪುತ್ರ, ತಾಯಿ ಮತ್ತು ಇಬ್ಬರು ಅವಿವಾಹಿತ ಸಹೋದರಿಯರು. ಒಬ್ಬನೇ ಪುರುಷ ಸದಸ್ಯನಿದ್ದರೂ ಅದು ಅವಿಭಕ್ತ ಕುಟುಂಬವೇ ಎಂದು ತೀರ್ಪಾಯಿತು. 2005ರ ತಿದ್ದುಪಡಿಯ ನಂತರವಂತೂ ಹೆಣ್ಣುಮಕ್ಕಳೂ ಜನ್ಮತಃ ಸಮಾನ ಪಾಲುದಾರರು.

ಆಚರಣೆಯಲ್ಲಿ ಕಂಡುಬರುವ ದೊಡ್ಡ ದೋಷವೆಂದರೆ ಕರಾರು ಮತ್ತು ಬ್ಯಾಂಕ್ ಖಾತೆ. ಬಾಡಿಗೆ ಕರಾರಿನಲ್ಲಿ ಕರ್ತನ ವೈಯಕ್ತಿಕ ಹೆಸರಿದ್ದು, ಹಣ ಅವರ ಉಳಿತಾಯ ಖಾತೆಗೆ ಬಂದರೆ ಬಾಡಿಗೆದಾರರು ಮುರಿದ ತೆರಿಗೆಯೂ ಅವರ ವೈಯಕ್ತಿಕ ಪ್ಯಾನಿಗೇ ಜಮೆಯಾಗುತ್ತದೆ. ಕುಟುಂಬದ ಪ್ಯಾನಿನ ನಾಲ್ಕನೆಯ ಅಕ್ಷರ ‘ಎಚ್’, ವ್ಯಕ್ತಿಯದು ‘ಪಿ’. ಬಾಡಿಗೆದಾರರಿಗೆ ಯಾವುದನ್ನು ಕೊಟ್ಟಿದ್ದೀರಿ ಎಂಬುದನ್ನು ಇಂದೇ ನೋಡಿಕೊಳ್ಳಿರಿ.

ಕೊನೆಯದಾಗಿ, ಕುಟುಂಬದಿಂದ ಹೊರಬರುವುದು ಸುಲಭವಲ್ಲ. 1978ರ ಡಿಸೆಂಬರ್ 31ರ ನಂತರದ ಭಾಗಶಃ ವಿಭಾಗವನ್ನು ಆದಾಯ ತೆರಿಗೆ ಕಾನೂನು ಮನ್ನಿಸುವುದಿಲ್ಲ. ಎಲ್ಲ ಆಸ್ತಿಯನ್ನೂ ಎಲ್ಲರಿಗೂ ಹಂಚಿದ ಪೂರ್ಣ ವಿಭಾಗವೇ ಬೇಕು. ಆದ್ದರಿಂದ ರಿಟರ್ನ್ ಸಲ್ಲಿಸುವ ಮುನ್ನ ಪೆಟ್ಟಿಗೆಯಲ್ಲಿರುವ ಹಳೆಯ ವಿಭಾಗಪತ್ರವನ್ನು ತೆಗೆದು ಓದಿಸುವುದು ಒಳಿತು.