ಹುಡುಕಾಟ ಯಂತ್ರಕ್ಕೆ, ತೀರ್ಮಾನ ಮನುಷ್ಯನಿಗೆ

ತನ್ನ ಕೆಲವು ಉದ್ಯೋಗಿಗಳ ಖಾತೆಗಳು ಫಿಶಿಂಗ್ ದಾಳಿಗೆ ತುತ್ತಾಗಿವೆ ಎಂದು ಬೆಂಗಳೂರಿನ ವಿಪ್ರೋ 2019ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಅದರ ಗ್ರಾಹಕ ಕಂಪನಿಗಳೇ ಕಳ್ಳರ ಗುರಿಯಾಗಿದ್ದವೆಂದು ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದರು. ಸೈಬರ್ ಭದ್ರತೆಯ ಕೆಲಸಕ್ಕೆ ತಯಾರಾಗುತ್ತಿರುವ ನನಗೆ ಇದರಿಂದ ಹುಟ್ಟಿದ ಪ್ರಶ್ನೆ: ಪರಿಚಿತರ ಖಾತೆಯಿಂದಲೇ ಬರುವ ಮೋಸದ ಮೇಲನ್ನು ಯಂತ್ರ ಹಿಡಿಯಬಲ್ಲದೇ?

ದೊಡ್ಡ ಕಂಪನಿಗಳಲ್ಲಿ ಉದ್ಯೋಗಿಯೊಬ್ಬ ಅನುಮಾನದ ಮೇಲನ್ನು ವರದಿ ಮಾಡಿದೊಡನೆ 'ಪ್ಲೇಬುಕ್' ಚಾಲೂ ಆಗುತ್ತದೆ. ಇದು ಮೊದಲೇ ಬರೆದಿಟ್ಟ ಹಂತಗಳ ಸರಣಿ. ಮೇಲ್‌ನ ಹೆಡರ್ ಓದುವುದು, ಲಿಂಕ್‌ಗಳನ್ನು ಹೆಕ್ಕುವುದು, ಅವನ್ನು ಕುಖ್ಯಾತ ತಾಣಗಳ ಪಟ್ಟಿಯೊಂದಿಗೆ ಹೋಲಿಸುವುದು, ಅದೇ ಮೇಲ್ ಇನ್ನಾರಿಗೆ ಬಂದಿದೆಯೆಂದು ಹುಡುಕುವುದು. ಇವೆಲ್ಲ ಮಾಹಿತಿ ಕಲೆಹಾಕುವ ಕೆಲಸ, ಯಾವುದನ್ನೂ ಬದಲಿಸುವುದಿಲ್ಲ. ಹಾಗಾಗಿ ಯಂತ್ರಕ್ಕೇ ಬಿಡಬಹುದು.

ಈಗ ಒಂದು ಉದಾಹರಣೆ ನೋಡೋಣ. ನಿಮ್ಮ ಕಂಪನಿಗೆ ಸೇವೆ ಒದಗಿಸುವವರ ಖಾತೆ ಕಳ್ಳರ ಕೈಗೆ ಸಿಕ್ಕಿದೆ. ಅದರಿಂದ ಬಂದ ಮೇಲ್‌ನ ಹೆಡರ್ ಹೀಗಿರುತ್ತದೆ:

```
spf=pass dkim=pass dmarc=pass
```

ಮೂರೂ ಪಾಸ್! ಏಕೆಂದರೆ ಮೇಲ್ ನಿಜಕ್ಕೂ ಆ ಕಂಪನಿಯ ಸರ್ವರ್‌ನಿಂದಲೇ ಹೊರಟಿದೆ. ಈ ಪರೀಕ್ಷೆಗಳು ಮೇಲ್ ಯಾವ ಡೊಮೈನ್‌ನಿಂದ ಬಂತು ಎಂದಷ್ಟೇ ಹೇಳುತ್ತವೆ. ಕೀಬೋರ್ಡ್ ಮುಂದೆ ಕೂತವರು ಯಾರೆಂದು ಹೇಳುವುದಿಲ್ಲ. ಲಿಂಕ್ ನಿನ್ನೆಯಷ್ಟೇ ಹುಟ್ಟಿದ್ದು, ಯಾವ ಪಟ್ಟಿಯಲ್ಲೂ ಇಲ್ಲ. ಪ್ಲೇಬುಕ್ 'ಸುರಕ್ಷಿತ' ಎಂದು ದೂರನ್ನು ಮುಚ್ಚಿಬಿಡಬಹುದು. ಮನುಷ್ಯನಾದರೆ, ಇವರು ಎಂದೂ ಇಲ್ಲದ್ದು ಈಗೇಕೆ ಪಾಸ್‌ವರ್ಡ್ ಕೇಳುವ ಪುಟ ಕಳಿಸಿದರು ಎಂದು ಯೋಚಿಸುತ್ತಾನೆ. ಮೇಲ್‌ನಲ್ಲಿರುವ ನಂಬರ್ ಬಿಟ್ಟು, ಹಳೆಯ ಕಡತದ ನಂಬರ್‌ಗೆ ಫೋನ್ ಮಾಡುತ್ತಾನೆ. ಆದ್ದರಿಂದ ಪರಿಚಿತರಿಂದ ಬಂದ ಮೇಲ್ ಬಗ್ಗೆ ದೂರು ಬಂದರೆ, ಅದನ್ನು ಮುಚ್ಚುವ ಅಧಿಕಾರ ಯಂತ್ರಕ್ಕೆ ಬೇಡ.

ಇದಕ್ಕೆ ತದ್ವಿರುದ್ಧದ ತಪ್ಪೂ ಉಂಟು. ಮೋಸದ ಫೈಲ್ `sharepoint.com`ನಲ್ಲಿದೆ ಎಂದುಕೊಳ್ಳಿ. ಯಂತ್ರ ಇಡೀ ಡೊಮೈನನ್ನೇ ತಡೆದರೆ, ಅಲ್ಲಿ ಕಡತ ಇಟ್ಟುಕೊಂಡ ಕಂಪನಿಯ ಕೆಲಸವೇ ನಿಲ್ಲುತ್ತದೆ. ಮೇಲನ್ನು ಕ್ವಾರಂಟೈನ್‌ಗೆ ಸರಿಸಿದರೆ ಮತ್ತೆ ವಾಪಸ್ ತರಬಹುದು. ಅದು ತಾನಾಗಿ ನಡೆಯಲಿ. ಯಾರಾದರೂ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಅವರ ಲಾಗಿನ್ ಕಡಿದು ಹಾಕುವುದೂ ತಡವಾಗಬಾರದು. ಆದರೆ ಡೊಮೈನ್ ತಡೆಯುವುದು, ಸಂಬಳದ ವ್ಯವಸ್ಥೆಯಂಥ ಮುಖ್ಯ ಖಾತೆಗಳನ್ನು ಮುಚ್ಚುವುದು ವಿಶ್ಲೇಷಕರ ಒಪ್ಪಿಗೆಯಿಂದಲೇ ಆಗಬೇಕು.

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ವರದಿಯ ಕರಡನ್ನು ಯಂತ್ರ ತುಂಬಿಕೊಡಲಿ. ಏನು ನಡೆದಿದೆ, ಎಷ್ಟು ದೂರ ಹಬ್ಬಿದೆ ಎಂದು ಓದಿ ಸಹಿ ಹಾಕುವವರು ಮನುಷ್ಯರೇ ಆಗಿರಬೇಕು.

– ಬಿ.ಇ. ವಿದ್ಯಾರ್ಥಿ, ಹೊಸಮನೆ, ಶಿವಮೊಗ್ಗ