ತಡವಾಗಿ ಬಂದ ಬರಹ: ಡೇಟಾಬೇಸ್ ಯಾವಾಗ ಬೇಡವೆನ್ನುತ್ತದೆ?

ಗಂಡ ಹೆಂಡತಿಯ ಜಂಟಿ ಖಾತೆಯಲ್ಲಿ 5,000 ರೂಪಾಯಿ ಇದೆ. ಹೆಂಡತಿ ಬ್ಯಾಂಕಿನ ಕೌಂಟರಿನಲ್ಲಿ 2,000 ಕಟ್ಟುತ್ತಿದ್ದಾರೆ. ಅದೇ ಹೊತ್ತಿಗೆ ಗಂಡ ಎಟಿಎಂನಲ್ಲಿ 1,000 ತೆಗೆಯುತ್ತಿದ್ದಾರೆ. ನಮ್ಮ ಕಣ್ಣಿಗೆ ಇವು ಒಂದೊಂದೇ ಕೆಲಸ. ಕಂಪ್ಯೂಟರಿಗೆ ಹಾಗಲ್ಲ: ಖಾತೆಯಲ್ಲಿ ಎಷ್ಟಿದೆ ಎಂದು ಓದಬೇಕು, ಲೆಕ್ಕ ಹಾಕಬೇಕು, ಹೊಸ ಮೊತ್ತ ಬರೆಯಬೇಕು. ಈ ಹೆಜ್ಜೆಗಳು ಒಂದರೊಳಗೊಂದು ಹೆಣೆದುಕೊಂಡರೆ ಎಡವಟ್ಟಾಗುತ್ತದೆ. ಹೆಂಡತಿಯ ವಹಿವಾಟು 5,000 ಎಂದು ಓದುತ್ತದೆ. ಅದು ಬರೆಯುವ ಮೊದಲೇ ಗಂಡನ ವಹಿವಾಟೂ 5,000 ಎಂದೇ ಓದಿ, ಸಾವಿರ ಕಳೆದು, 4,000 ಎಂದು ಬರೆದು ಮುಗಿಸುತ್ತದೆ. ಆಮೇಲೆ ಹೆಂಡತಿಯ ವಹಿವಾಟು ತನ್ನ ಹಳೆಯ ಲೆಕ್ಕದಂತೆ 7,000 ಎಂದು ಬರೆಯುತ್ತದೆ. ಇರಬೇಕಾದದ್ದು 6,000. ಎಟಿಎಂನಿಂದ ತೆಗೆದ ಸಾವಿರ ಲೆಕ್ಕದಲ್ಲೇ ಇಲ್ಲ.

ಇದನ್ನು ತಡೆಯಲು ಹೆಚ್ಚಿನವರಿಗೆ ತಿಳಿದಿರುವ ದಾರಿ ಲಾಕ್. ಒಬ್ಬರು ಖಾತೆ ಹಿಡಿದಿರುವಾಗ ಉಳಿದವರು ಕಾಯಬೇಕು. ಟೈಮ್‌ಸ್ಟ್ಯಾಂಪ್ ಪದ್ಧತಿಯಲ್ಲಿ ಯಾರನ್ನೂ ಕಾಯಿಸುವುದಿಲ್ಲ. ಪ್ರತಿ ವಹಿವಾಟಿಗೂ ಅದು ಶುರುವಾದಾಗಲೇ ಏರುತ್ತಾ ಹೋಗುವ ಒಂದು ಸಂಖ್ಯೆ ಸಿಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ನಂತರ ಓದು ಬರಹಗಳು ಹೇಗೆ ಬೆರೆತರೂ, ಕೊನೆಯ ಫಲ ಮಾತ್ರ ಈ ಸಂಖ್ಯೆಗಳ ಕ್ರಮದಲ್ಲಿ ಒಂದಾದ ಮೇಲೊಂದು ನಡೆದಂತೆಯೇ ಇರಬೇಕು. ಆ ಕ್ರಮವನ್ನು ಕೆಡಿಸುವ ಹೆಜ್ಜೆಯನ್ನು ಡೇಟಾಬೇಸ್ ಒಪ್ಪುವುದಿಲ್ಲ.

ಇದಕ್ಕಾಗಿ ಖಾತೆಯ ಪಕ್ಕದಲ್ಲಿ ಎರಡು ಗುರುತು ಇಟ್ಟರೆ ಸಾಕು. ಈವರೆಗೆ ಇದನ್ನು ಓದಿದವರಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು, ಬರೆದವರಲ್ಲಿ ಅತಿ ದೊಡ್ಡದು ಯಾವುದು ಎಂಬ ಗುರುತುಗಳು. ಓದಲು ಬಂದವರ ಸಂಖ್ಯೆ ಬರಹದ ಗುರುತಿಗಿಂತ ಚಿಕ್ಕದಾಗಿದ್ದರೆ ಓದು ತಿರಸ್ಕೃತ, ಏಕೆಂದರೆ ಅವರು ನೋಡಬೇಕಿದ್ದ ಮೊತ್ತ ಈಗಾಗಲೇ ಅಳಿಸಿಹೋಗಿದೆ. ಬರೆಯಲು ಬಂದವರ ಸಂಖ್ಯೆ ಎರಡರಲ್ಲಿ ಯಾವ ಗುರುತಿಗಿಂತ ಚಿಕ್ಕದಾಗಿದ್ದರೂ ಬರಹ ತಿರಸ್ಕೃತ.

ಜಂಟಿ ಖಾತೆಗೇ ಇದನ್ನು ಹಚ್ಚಿ ನೋಡೋಣ. ಹೆಂಡತಿಯ ವಹಿವಾಟಿನ ಸಂಖ್ಯೆ 10, ಗಂಡನದು 20. ಹತ್ತು ಬಂದು 5,000 ಓದಿತು, ಓದಿನ ಗುರುತು 10 ಆಯಿತು. ಇಪ್ಪತ್ತು ಬಂದು ಓದಿತು, ಗುರುತು 20ಕ್ಕೆ ಏರಿತು. ಇಪ್ಪತ್ತು 4,000 ಬರೆಯಿತು, ಬರಹದ ಗುರುತೂ 20. ಈಗ ಹತ್ತು 7,000 ಬರೆಯಲು ಬರುತ್ತದೆ. ಓದಿನ ಗುರುತು ನೋಡಿದರೆ 20. ಅಂದರೆ ಹತ್ತರ ನಂತರದವನು ಹತ್ತರ ಬರಹವನ್ನು ಕಾಣದೆಯೇ ಮುಂದೆ ಹೋಗಿಬಿಟ್ಟಿದ್ದಾನೆ. ಈಗ ಬರೆಯಲು ಬಿಟ್ಟರೆ ಅವನು ಓದಿದ್ದು ಸುಳ್ಳಾಗುತ್ತದೆ. ಹಾಗಾಗಿ ಹತ್ತನ್ನು ರದ್ದು ಮಾಡಿ, ಅದು ಬೇರೆಲ್ಲಾದರೂ ಬರೆದಿದ್ದರೆ ಅದನ್ನೂ ಅಳಿಸಿ, ಹೊಸ ಸಂಖ್ಯೆ ಕೊಟ್ಟು ಮೊದಲಿನಿಂದ ಶುರುಮಾಡಿಸುತ್ತಾರೆ. ಅದು 30 ಆಗಿ ಬಂದು 4,000 ಓದುತ್ತದೆ, 6,000 ಬರೆಯುತ್ತದೆ. ಹಳೆಯ ಸಂಖ್ಯೆಯಲ್ಲೇ ಮರಳಿ ಬಂದಿದ್ದರೆ ಎಷ್ಟು ಸಲ ಬಂದರೂ ಬಾಗಿಲು ತೆರೆಯುತ್ತಿರಲಿಲ್ಲ.

ಇಲ್ಲಿ ತಡ ಎನ್ನುವುದಕ್ಕೂ ಗಡಿಯಾರಕ್ಕೂ ನೇರ ಸಂಬಂಧವಿಲ್ಲ. ಹತ್ತು ಒಂದು ಗಂಟೆ ಸುಮ್ಮನೆ ಕೂತಿದ್ದು ಬಂದರೂ, ಅಷ್ಟರಲ್ಲಿ ಆ ಖಾತೆಯನ್ನು ಬೇರೆ ಯಾರೂ ಮುಟ್ಟಿರದಿದ್ದರೆ, ಅದರ ಬರಹಕ್ಕೆ ಅಡ್ಡಿಯಿಲ್ಲ. ಕ್ಷಣದ ಸಾವಿರದಲ್ಲೊಂದು ಪಾಲು ತಡವಾದರೂ, ದೊಡ್ಡ ಸಂಖ್ಯೆಯವರು ಯಾರೋ ಓದಿ ಹೋಗಿದ್ದರೆ, ತಿರಸ್ಕಾರ ಖಂಡಿತ. ಈ ಕಟ್ಟುನಿಟ್ಟಿಗೆ ಬೆಲೆಯೂ ಇದೆ. ಹತ್ತು ಇನ್ನೂ ಏನನ್ನೂ ಮುಟ್ಟದೆ, ಇಪ್ಪತ್ತು ಪೂರ್ತಿ ಮುಗಿದ ಮೇಲೆ ಓದಲು ಬಂತು ಎನ್ನಿ. ಅದನ್ನು ಇಪ್ಪತ್ತರ ನಂತರದ್ದು ಎಂದುಕೊಂಡರೆ ಯಾವ ಲೆಕ್ಕವೂ ತಪ್ಪುವುದಿಲ್ಲ. ಆದರೂ ಸಂಖ್ಯೆ ಮೊದಲೇ ನಿಗದಿಯಾಗಿರುವುದರಿಂದ ಅದು ರದ್ದಾಗುತ್ತದೆ. ಈ ಪದ್ಧತಿಯ ನಿಜವಾದ ದೌರ್ಬಲ್ಯ ಇದೇ ಎಂದು ನನಗನ್ನಿಸುತ್ತದೆ: ತಪ್ಪಿಲ್ಲದ ಕೆಲಸವನ್ನೂ ಅದು ಆಗಾಗ ಹಿಂದಕ್ಕೆ ಅಟ್ಟುತ್ತದೆ.

ತಡವಾದ ಎಲ್ಲ ಬರಹಕ್ಕೂ ವಹಿವಾಟನ್ನೇ ರದ್ದು ಮಾಡಬೇಕಿಲ್ಲ ಎಂಬ ಸಡಿಲಿಕೆಯೊಂದಿದೆ. 1979ರಲ್ಲಿ ರಾಬರ್ಟ್ ಥಾಮಸ್ ಪ್ರಕಟಿಸಿದ ಲೇಖನದಿಂದಾಗಿ ಅದಕ್ಕೆ ಥಾಮಸ್ ನಿಯಮ ಎಂದೇ ಹೆಸರು. ಬಸ್ಸೊಂದು ತಾನಿರುವ ಜಾಗವನ್ನು ಮತ್ತೆ ಮತ್ತೆ ಕಳಿಸುತ್ತಿದೆ. ಹತ್ತು ಗಂಟೆ ಐದು ನಿಮಿಷದ ಸಂದೇಶ ದಾಖಲಾದ ಮೇಲೆ, ದಾರಿಯಲ್ಲಿ ಸಿಕ್ಕಿಕೊಂಡಿದ್ದ ಹತ್ತು ಗಂಟೆ ಎರಡು ನಿಮಿಷದ ಸಂದೇಶ ಬಂತು. ಸರಿಯಾದ ಹೊತ್ತಿಗೇ ಬಂದಿದ್ದರೂ ಮುಂದಿನ ಸಂದೇಶ ಅದನ್ನು ಅಳಿಸಿಯೇ ಬಿಡುತ್ತಿತ್ತು. ಆದ್ದರಿಂದ ಆ ಬರಹವನ್ನಷ್ಟೇ ಕೈಬಿಟ್ಟು ವಹಿವಾಟನ್ನು ಮುಂದುವರಿಯಲು ಬಿಡಬಹುದು. ಆದರೆ ದೊಡ್ಡ ಸಂಖ್ಯೆಯವರು ಯಾರೂ ಅದನ್ನು ಓದಿರಬಾರದು. ನಮ್ಮ ಜಂಟಿ ಖಾತೆಯಲ್ಲಿ ಇಪ್ಪತ್ತು ಓದಿದ ಮೇಲೆಯೇ ಬರೆದದ್ದು. ಹಾಗಾಗಿ ಅಲ್ಲಿ ಈ ರಿಯಾಯಿತಿ ಸಲ್ಲದು.

ಲಾಕ್ ಇಲ್ಲದ್ದರಿಂದ ಒಬ್ಬರಿಗೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವ ಡೆಡ್‌ಲಾಕ್ ಇಲ್ಲಿ ಬರುವುದಿಲ್ಲ. ಬದಲಿಗೆ ಬೇರೊಂದು ತೊಡಕು ಬರುತ್ತದೆ. ಇಪ್ಪತ್ತು ಬರೆದ 4,000ವನ್ನು ಮತ್ತೊಬ್ಬರು ಓದಿ ಮುಂದೆ ಹೋದರು, ಆಮೇಲೆ ಇಪ್ಪತ್ತೇ ರದ್ದಾಯಿತು ಎಂದರೆ ಓದಿದವರ ಕೆಲಸವೂ ಹಾಳು. ಅದಕ್ಕೇ ಬರೆದವರು ಪೂರ್ತಿ ಮುಗಿಸುವವರೆಗೆ ಓದುವವರನ್ನು ಸ್ವಲ್ಪ ತಡೆಯುತ್ತಾರೆ. ಹೀಗೆ ಕಾಯುವವರು ಯಾವಾಗಲೂ ದೊಡ್ಡ ಸಂಖ್ಯೆಯವರು, ಅವರು ಕಾಯುವುದು ಚಿಕ್ಕ ಸಂಖ್ಯೆಯವರಿಗಾಗಿ. ಆದ್ದರಿಂದ ಕಾಯುವಿಕೆ ಎಂದೂ ಸುತ್ತಿಕೊಂಡು ಗಂಟಾಗುವುದಿಲ್ಲ.

ನಿಜವಾಗಿ ಸೋಲುವುದು ದೀರ್ಘ ವಹಿವಾಟುಗಳು. ಸಾವಿರಾರು ಖಾತೆಗಳಿಗೆ ಬಡ್ಡಿ ಹಾಕುವ ಕೆಲಸ ಚಿಕ್ಕ ಸಂಖ್ಯೆ ಹಿಡಿದು ನಿಧಾನಕ್ಕೆ ಸಾಗುತ್ತಿರುತ್ತದೆ. ಅಷ್ಟರಲ್ಲಿ ಎಷ್ಟೋ ಎಟಿಎಂ ವಹಿವಾಟುಗಳು ಅದನ್ನು ದಾಟಿ ಹೋಗಿರುತ್ತವೆ. ಅದು ರದ್ದಾಗುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ರದ್ದಾಗುತ್ತದೆ. ಹಲವು ಸರ್ವರುಗಳು ತಂತಮ್ಮ ಗಡಿಯಾರ ನೋಡಿ ಸಂಖ್ಯೆ ಕೊಡುವ ಕಡೆ ಇನ್ನೊಂದು ತೊಂದರೆಯುಂಟು. ಒಂದರ ಗಡಿಯಾರ ಹಿಂದಿದ್ದರೆ ಅಲ್ಲಿಂದ ಹೊರಟವೆಲ್ಲ ಹುಟ್ಟುವಾಗಲೇ ತಡವಾಗಿರುತ್ತವೆ. ಒಂದೇ ಸರ್ವರಿನ ವಹಿವಾಟುಗಳು ಮತ್ತೆ ಮತ್ತೆ ತಿರಸ್ಕೃತವಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಅದರ ಗಡಿಯಾರವನ್ನು.

ಓದುವವರ ಕಷ್ಟಕ್ಕೆ ಪರಿಹಾರವೊಂದನ್ನು ಡೇವಿಡ್ ರೀಡ್ 1978ರ ತಮ್ಮ ಎಂಐಟಿ ಪ್ರಬಂಧದಲ್ಲಿ ತೋರಿಸಿದರು. ಹಳೆಯ ಮೊತ್ತವನ್ನು ಅಳಿಸದೆ ಒಂದೊಂದು ಆವೃತ್ತಿಯನ್ನೂ ಅದರ ಸಂಖ್ಯೆಯೊಂದಿಗೆ ಉಳಿಸಿಕೊಂಡರೆ, ತಡವಾಗಿ ಬಂದ ಓದುಗರಿಗೆ ಅವರ ಕಾಲದ ಮೊತ್ತವನ್ನೇ ಕೊಡಬಹುದು. ತಡವಾದ ಬರಹದ ಸಮಸ್ಯೆ ಮಾತ್ರ ಹಾಗೇ ಉಳಿಯುತ್ತದೆ. ಇಂದಿನ ಕಾಕ್‌ರೋಚ್‌ಡಿಬಿ ಡೇಟಾಬೇಸಿನಲ್ಲಿ ಅಂಥ ಬರಹ ಬಂದರೆ ವಹಿವಾಟನ್ನು ಕೂಡಲೇ ರದ್ದು ಮಾಡದೆ, ಅದರ ಸಂಖ್ಯೆಯನ್ನು ಮುಂದಕ್ಕೆ ತಳ್ಳಿ ನೋಡುತ್ತಾರೆ. ಅದು ಮೊದಲು ಓದಿದ್ದು ಈ ನಡುವೆ ಬದಲಾಗಿರದಿದ್ದರೆ ವಹಿವಾಟು ಬದುಕಿಕೊಳ್ಳುತ್ತದೆ. ಬದಲಾಗಿದ್ದರೆ ಮತ್ತೆ ಶುರುಮಾಡಬೇಕು. ಆ ಹೊಣೆ ಅಪ್ಲಿಕೇಶನ್ನಿನ ಮೇಲೆ ಬಿದ್ದಾಗ ಅದಕ್ಕೆ ಸಿಗುವ ದೋಷಸಂಖ್ಯೆ `40001`.

ಆ ಸಂಖ್ಯೆ ಕಂಡಾಗ ಪ್ರೋಗ್ರಾಮರ್ ಖಾತೆಯನ್ನು ಮತ್ತೆ ಓದುವಲ್ಲಿಂದಲೇ ಶುರುಮಾಡಬೇಕು. ಬರೆಯುವ ಕೊನೆಯ ಹೆಜ್ಜೆಯನ್ನಷ್ಟೇ ಮತ್ತೊಮ್ಮೆ ಕಳಿಸಿದರೆ, 30ರ ಹೊಸ ಸಂಖ್ಯೆ ಹೊತ್ತು ಅದೇ ಹಳೆಯ 7,000 ಬರುತ್ತದೆ. ಮೂವತ್ತಕ್ಕಿಂತ ದೊಡ್ಡ ಗುರುತು ಖಾತೆಯ ಮೇಲೆ ಇಲ್ಲದ್ದರಿಂದ ಡೇಟಾಬೇಸ್ ಅದನ್ನು ಯಾವ ತಕರಾರೂ ಇಲ್ಲದೆ ಬರೆದುಕೊಳ್ಳುತ್ತದೆ.